ಬಂಗುಡೆ, ಐಸ್ ಮತ್ತು ಆರು ಗಂಟೆ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಎರಡು ತಟ್ಟೆಗಳಲ್ಲಿ ಎರಡು ಬಂಗುಡೆ ಇಟ್ಟಿದ್ದೇವೆ. ಎರಡೂ ಒಂದೇ ದೋಣಿಯವು, ಇಂದು ನಸುಕಿನಲ್ಲಿ ಒಂದೇ ಬಲೆಗೆ ಬಿದ್ದವು. ಎಡಗಡೆಯದು ದಡಕ್ಕೆ ಬಂದಾಗಿನಿಂದ ಪುಡಿ ಐಸಿನೊಳಗೆ ಹುದುಗಿತ್ತು. ಬಲಗಡೆಯದನ್ನು ಬುಟ್ಟಿಯಲ್ಲಿ ಹಾಗೇ ಬಿಟ್ಟಿದ್ದೆವು, ಮೇಲೆ ಒದ್ದೆ ಬಟ್ಟೆ ಅಷ್ಟೆ. ಈಗ ಮಧ್ಯಾಹ್ನ ಹನ್ನೆರಡೂವರೆ. ಮುಂದಿನ ಸಾಲಿನವರು ಬಂದು ಮೂಸಿ ನೋಡಿದಿರಿ. ಎರಡರಲ್ಲೂ ಕೊಳೆತ ವಾಸನೆ ಇಲ್ಲ ಎಂದಿರಿ. ನಿಜ, ಇಲ್ಲ. ಆದರೂ ಬಲಗಡೆಯ ಮೀನನ್ನು ನಾವು ತಿನ್ನುವುದಿಲ್ಲ, ಬೇರೆಯವರಿಗೆ ಕೊಡುವುದೂ ಇಲ್ಲ. ಮೂಗಿಗೆ ಗೊತ್ತಾಗದ ಯಾವ ವಿಷ ಅದರಲ್ಲಿ ಹುಟ್ಟಿರಬಹುದು, ಅದು ಹುಟ್ಟದ ಹಾಗೆ ಮೀನು ಕೊಳ್ಳುವುದು, ಇಡುವುದು ಹೇಗೆ ಎಂಬುದೇ ಇವತ್ತಿನ ಮಾತು.

ಬಂಗುಡೆ, ಬೂತಾಯಿ, ಕೇದರ, ಅಂಜಲ್, ಕೊಲ್ಲತರು, ಇಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಬಿಡಿಯಾಗಿ, ಹೇರಳವಾಗಿ ಇರುತ್ತದೆ. ಅದರಿಂದ ಯಾವ ತೊಂದರೆಯೂ ಇಲ್ಲ. ಮೀನಿನ ಕಿವಿರು, ಕರುಳು, ಚರ್ಮದ ಮೇಲೆ ಮೊದಲಿಂದಲೂ ಕೆಲವು ಬ್ಯಾಕ್ಟೀರಿಯಾಗಳಿರುತ್ತವೆ. ಮೀನು ಜೀವಂತ ಇರುವಾಗ ಅವು ಮಾಂಸದೊಳಗೆ ಇಳಿಯುವುದಿಲ್ಲ. ಮೀನು ಸತ್ತ ಮೇಲೆ ಇಳಿಯುತ್ತವೆ. ಅವುಗಳಲ್ಲಿ ಮಾರ್ಗನೆಲ್ಲಾ ಮಾರ್ಗನಿ ಮುಂತಾದ ಕೆಲವು ಒಂದು ಕಿಣ್ವವನ್ನು ಸ್ರವಿಸಿ ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. 20ರಿಂದ 30 ಡಿಗ್ರಿ ಸೆಲ್ಸಿಯಸ್ ಅವಕ್ಕೆ ಬಹಳ ಹಿತ. ನಮ್ಮ ಕರಾವಳಿಯ ಸಮುದ್ರದ ನೀರೇ ವರ್ಷದ ಬಹುಪಾಲು 28 ಡಿಗ್ರಿಯ ಆಸುಪಾಸು ಇರುತ್ತದೆ. ಬುಟ್ಟಿಯೊಳಗಿನ ಮೀನು ಅದಕ್ಕಿಂತ ಬೆಚ್ಚಗೆ.

ಇಲ್ಲಿ ಮೂರು ಸಂಗತಿ ಒಟ್ಟಾಗಿ ಕೆಲಸ ಮಾಡುತ್ತವೆ, ಮೂರನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹಿಸ್ಟಮಿನ್‌ಗೆ ವಾಸನೆ ಇಲ್ಲ. ಮೀನು ನಾರುವ ಮೊದಲೇ ಅದು ಅಪಾಯದ ಮಟ್ಟಕ್ಕೆ ಏರಿರಬಹುದು. ಅದು ಬೆಂಕಿಗೆ ಹೋಗುವುದಿಲ್ಲ. ಸಾರು ಕುದಿಸಿದರೂ, ಎಣ್ಣೆಯಲ್ಲಿ ಗರಿಗರಿ ಕಾಯಿಸಿದರೂ, ಡಬ್ಬಿಯಲ್ಲಿ ಒತ್ತಡದಲ್ಲಿ ಬೇಯಿಸಿದರೂ ಇದ್ದಷ್ಟೇ ಇರುತ್ತದೆ. ಇನ್ನು ಬ್ಯಾಕ್ಟೀರಿಯಾ ಬೆಳೆಯುವುದನ್ನು ತಣ್ಣಗೆ ಮಾಡಿ ನಿಲ್ಲಿಸಿದರೂ, ಅದು ಆಗಲೇ ಬಿಟ್ಟ ಕಿಣ್ವ ಫ್ರಿಜ್ಜಿನಲ್ಲೂ ನಿಧಾನವಾಗಿ ತನ್ನ ಕೆಲಸ ಮುಂದುವರಿಸುತ್ತದೆ. ಹಾಗಾಗಿ ತಡವಾಗಿ ಫ್ರಿಜ್ಜಿಗೆ ಇಟ್ಟ ಮೀನು ಮೊದಲೇ ಇಟ್ಟ ಮೀನಿಗೆ ಎಂದೂ ಸಮ ಆಗುವುದಿಲ್ಲ.

ಇಂಥ ಮೀನು ತಿಂದವರಿಗೆ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ, ಕುತ್ತಿಗೆ ಕೆಂಪಾಗಿ ಬಿಸಿಯೇರುತ್ತದೆ. ತಲೆ ಸಿಡಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಮೈಮೇಲೆ ದದ್ದು, ತುರಿಕೆ ಏಳಬಹುದು. ಹೊಟ್ಟೆ ತೊಳಸಿ ಭೇದಿಯೂ ಆಗಬಹುದು. ಬಾಯಿಗಿಟ್ಟಾಗ ನಾಲಿಗೆ ಮೇಲೆ ಕಾಳುಮೆಣಸಿನ ಹಾಗೆ ಚುರುಚುರು ಎನ್ನುವುದು ಇದರ ಒಂದು ಗುರುತು. ಹೊರದೇಶದಲ್ಲಿ ಉಪ್ಪು ಮಾತ್ರ ಹಾಕಿ ಸುಟ್ಟು ತಿನ್ನುವವರಿಗೆ ಆ ಗುರುತು ಸಿಗುತ್ತದೆ. ಬ್ಯಾಡಗಿ ಮೆಣಸು, ಹುಣಸೆಹುಳಿ ಹಾಕಿದ ನಮ್ಮ ಪುಳಿಮುಂಚಿಯಲ್ಲಿ ಆ ಚುರುಕು ಮಸಾಲೆಯೊಳಗೇ ಮುಳುಗಿಹೋಗುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಹೆಚ್ಚು ಜಾಗ್ರತೆ ಬೇಕಾಗಿರುವುದಕ್ಕೆ ಇದೂ ಒಂದು ಕಾರಣ.

ಆರೋಗ್ಯವಂತರಿಗೆ ಒಂದು ಊಟದಲ್ಲಿ 50 ಮಿಲಿಗ್ರಾಂವರೆಗೆ ಹಿಸ್ಟಮಿನ್ ತೊಂದರೆ ಕೊಡಲಾರದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರ ಅಂದಾಜು. ಒಬ್ಬರು 250 ಗ್ರಾಂ ಮೀನು ತಿಂದರೆ, ಆ ಮೀನಿನ ಕಿಲೋಗೆ 200 ಮಿಲಿಗ್ರಾಂ ಇದ್ದಾಗ ಅಷ್ಟಾಗುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಲ್ಲೂ ಇದೇ 200 ದಾಟಬಾರದ ಗೆರೆ. ಅಲ್ಲಿ ಒಂದು ರಾಶಿಯಿಂದ ಒಂದೇ ಮೀನು ತೆಗೆದು ಪರೀಕ್ಷಿಸಿದರೆ ಸಾಲದು, 9 ಮಾದರಿ ತೆಗೆಯಬೇಕು; ಎರಡು ಮಾತ್ರ 100ರಿಂದ 200ರ ನಡುವೆ ಇರಬಹುದು, ಯಾವುದೂ 200 ಮೀರಬಾರದು. ಒಂಬತ್ತು ಯಾಕೆ? ಒಂದೇ ಬುಟ್ಟಿಯ ಒಂದು ಬಂಗುಡೆಯಲ್ಲಿ ಏನೂ ಇಲ್ಲದೆ ಪಕ್ಕದ್ದರಲ್ಲಿ ವಿಪರೀತ ಇರುವುದು ಸಾಮಾನ್ಯ. ಒಂದೇ ಮೀನಿನಲ್ಲೂ ಹೊಟ್ಟೆ, ಕಿವಿರಿನ ಹತ್ತಿರದ ಮಾಂಸದಲ್ಲಿ ಹೆಚ್ಚು, ಬಾಲದ ಕಡೆ ಕಡಿಮೆ. ಮನೆಮಂದಿಯೆಲ್ಲ ಒಂದೇ ಪಾತ್ರೆಯಿಂದ ಬಡಿಸಿಕೊಂಡರೂ ಒಬ್ಬರಿಗೆ ಮಾತ್ರ ಮುಖ ಕೆಂಪೇರುವುದು ಇದಕ್ಕೇ.

ಈಗ ಮಾರುಕಟ್ಟೆಗೆ ಬರೋಣ. ಎಡಗಡೆಯ ಬಂಗುಡೆಯನ್ನು ತಲೆಯ ಹತ್ತಿರ ಹಿಡಿದು ಅಡ್ಡಲಾಗಿ ಎತ್ತುತ್ತೇವೆ, ನೋಡಿ. ಬಾಲ ಜೋತು ಬೀಳಲಿಲ್ಲ, ಮೈ ನೆಟ್ಟಗೆ ಸೆಟೆದೇ ಇದೆ. ಸತ್ತ ಮೇಲೆ ಬರುವ ಈ ಬಿಗಿತ ಐಸಿನಲ್ಲಿ ತುಂಬ ಹೊತ್ತು ಉಳಿಯುತ್ತದೆ. ಬಿಸಿಲಿನ ಹೊತ್ತಿನಲ್ಲಿ ಬುಟ್ಟಿಯಲ್ಲಿದ್ದರೆ ಕೆಲವೇ ಗಂಟೆಯಲ್ಲಿ ಬಂದು ಹೋಗಿಬಿಡುತ್ತದೆ. ಬಲಗಡೆಯದನ್ನು ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಬಾಗುತ್ತದೆ. ನಮ್ಮ ಮಟ್ಟಿಗೆ ಬಂಗುಡೆಯ ಮೊದಲ ಪರೀಕ್ಷೆ ಇದೇ, ಯಾಕೆಂದರೆ ನೀರು ಚಿಮುಕಿಸಿ ಇದನ್ನು ಮರೆಮಾಚಲಾಗದು.

ಕಣ್ಣು ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಬಂಗುಡೆಯಲ್ಲಿ ಒಂದು ವಿಶೇಷವಿದೆ. ಅದರ ಕಣ್ಣಿನ ಹಿಂದೆ ಮುಂದೆ ಜಿಡ್ಡಿನ ಪಾರದರ್ಶಕ ರೆಪ್ಪೆ ಹುಟ್ಟಿನಿಂದಲೇ ಇರುತ್ತದೆ. ಅಂಚಿನಲ್ಲಿ ತುಸು ಮಂಜಾಗಿ ಕಂಡರೆ ಅದು ಹಳೆಯದೆಂದು ತೀರ್ಮಾನಿಸಬಾರದು. ನೋಡಬೇಕಾದ್ದು ನಡುವಿನ ಪಾಪೆಯನ್ನು. ಅದು ಕಪ್ಪಗೆ, ಹೊಳೆಯುತ್ತ, ಉಬ್ಬಿಕೊಂಡಿರಬೇಕು. ಗುಳಿ ಬಿದ್ದು ಬೂದುಬಣ್ಣಕ್ಕೆ ತಿರುಗಿದ್ದರೆ ಬೇಡ. ಐಸ್ ಗಡ್ಡೆ ನೇರವಾಗಿ ಒತ್ತಿಕೊಂಡು ಒಂದು ಕಣ್ಣು ಮಾತ್ರ ಬಿಳಿಚಿಕೊಂಡಿರುವುದೂ ಉಂಟು. ಆಗ ಮೀನು ಮಗುಚಿ ಇನ್ನೊಂದು ಕಣ್ಣು ನೋಡಬೇಕು.

ಕಿವಿರಿನ ಮುಚ್ಚಳ ಎತ್ತಿ. ಎಡಗಡೆಯದರಲ್ಲಿ ಗಾಢ ಕೆಂಪು, ಲೋಳೆ ತಿಳಿ ನೀರಿನಂತಿದೆ. ಬಲಗಡೆಯದರಲ್ಲಿ ಕಂದು ಛಾಯೆ ಬಂದಿದೆ, ಲೋಳೆ ಕದಡಿದೆ. ಮೂಸಬೇಕಾದ ಜಾಗವೂ ಇದೇ, ಹೊರಮೈ ಅಲ್ಲ. ಹೊರಮೈಯನ್ನು ಎರಡು ಚೊಂಬು ನೀರು ತೊಳೆದುಬಿಡುತ್ತದೆ. ತಾಜಾ ಕಿವಿರಿಗೆ ಸಮುದ್ರದ ಪಾಚಿಯ ಪರಿಮಳ. ಹುಳಿ, ಅಮೋನಿಯ, ಹಳೆ ಎಣ್ಣೆಯ ಘಾಟು ಇದ್ದರೆ ಮುಗಿಯಿತು. ಹಲವು ದಿನ ಐಸ್ ನೀರಿನಲ್ಲಿ ನೆಂದ ಮೀನಿನ ಕಿವಿರು ವಾಸನೆ ಇಲ್ಲದೆಯೂ ಬಿಳಚಿಕೊಂಡಿರುತ್ತದೆ. ಅದು ಹಳೆಯದು ನಿಜ, ಆದರೆ ಉದ್ದಕ್ಕೂ ತಣ್ಣಗಿದ್ದರೆ ಹಿಸ್ಟಮಿನ್ ಮಟ್ಟಿಗೆ ಬಲಗಡೆಯ ಈ 'ಇವತ್ತಿನ ಮೀನಿ'ಗಿಂತ ಸುರಕ್ಷಿತವಾಗಿರಬಹುದು. ರುಚಿಯ ತಾಜಾತನ ಬೇರೆ, ಅಪಾಯವಿಲ್ಲದಿರುವುದು ಬೇರೆ.

ಕೊನೆಗೆ ಹೊಟ್ಟೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗುಳಿ ಕೂಡಲೇ ತುಂಬಿಕೊಳ್ಳಬೇಕು, ಗುದದ್ವಾರದಿಂದ ಕಂದು ರಸ ಒಸರಬಾರದು. ಬಂಗುಡೆ, ಬೂತಾಯಿಗಳು ಹೊಟ್ಟೆ ತುಂಬ ಮೇದಿರುವಾಗ ಸಿಕ್ಕಿದರೆ ಅವುಗಳ ಜೀರ್ಣರಸವೇ ಹೊಟ್ಟೆಯ ಗೋಡೆಯನ್ನು ಕರಗಿಸುತ್ತದೆ, ಹೊಟ್ಟೆ ಒಡೆಯುತ್ತದೆ. ಅದು ಬ್ಯಾಕ್ಟೀರಿಯಾದ ಕೆಲಸವಲ್ಲ, ಸಿಕ್ಕಿ ಹೆಚ್ಚು ಹೊತ್ತಾಗದ ಮೀನಿನಲ್ಲೂ ಆಗಬಹುದು. ಆದರೆ ಒಡೆದ ಹೊಟ್ಟೆಯಿಂದ ಕರುಳಿನ ಬ್ಯಾಕ್ಟೀರಿಯಾ ಸೀದಾ ಮಾಂಸಕ್ಕೆ ಹಾದಿ ಮಾಡಿಕೊಳ್ಳುತ್ತದೆ. ಹೊಟ್ಟೆ ಒಡೆದದ್ದನ್ನು ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. "ಅಕ್ಕಾ, ಮೀನು ಎಷ್ಟು ಹೊತ್ತಿಗೆ ದಡಕ್ಕೆ ಬಂತು? ಆಮೇಲೆ ಐಸ್ ಹಾಕಿದ್ರಾ?" ಕಣ್ಣು, ಕಿವಿರು, ಹೊಟ್ಟೆ ಹೇಳುವುದು ಮೀನು ಕೆಟ್ಟಿದೆಯೋ ಇಲ್ಲವೋ ಎಂದು. ಹಿಸ್ಟಮಿನ್ ಇದೆಯೋ ಇಲ್ಲವೋ ಎಂದು ಅವು ಖಾತ್ರಿಯಾಗಿ ಹೇಳಲಾರವು. ಅದನ್ನು ಹೇಳುವುದು ಗಂಟೆಯ ಲೆಕ್ಕ ಮತ್ತು ಐಸ್. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ದೋಣಿಗಳಿಗೆ ಕೊಟ್ಟಿರುವ ಸೂಚನೆ ಇಲ್ಲಿ ಒಳ್ಳೆಯ ಅಳತೆಗೋಲು: ಗಾಳಿಯೋ ನೀರೋ ಸುಮಾರು 28 ಡಿಗ್ರಿಗಿಂತ ಬಿಸಿ ಇರುವ ಕಡೆ, ಮೀನು ಸತ್ತ 6 ಗಂಟೆಯೊಳಗೆ ಐಸಿಗೆ ಸೇರಲೇಬೇಕು. ಒಮ್ಮೆ ತಣ್ಣಗಾದ ಮೀನು ಆಮೇಲೆ ಮತ್ತೆ ಬಿಸಿಯಲ್ಲಿ ಬಿದ್ದರೆ, ಎಲ್ಲ ಸೇರಿ 4 ಗಂಟೆ ಮೀರಬಾರದು. 'ಎಲ್ಲ ಸೇರಿ' ಎಂಬ ಮಾತು ಮುಖ್ಯ. ಬುಟ್ಟಿಯಲ್ಲಿ ಒಂದು ಗಂಟೆ, ಸ್ಕೂಟರಿನಲ್ಲಿ ಅರ್ಧ ಗಂಟೆ, ಅಡುಗೆಮನೆ ಕಟ್ಟೆಯಲ್ಲಿ ಒಂದೂವರೆ ಗಂಟೆ, ಎಲ್ಲ ಒಂದೇ ಖಾತೆಗೆ ಜಮೆ.

ಒಂದು ಸಾಮಾನ್ಯ ದಿನವನ್ನು ಲೆಕ್ಕ ಹಾಕೋಣ. ನಾಡದೋಣಿಯವರು ಬೆಳಗಿನ ಐದೂವರೆಗೆ ಬಲೆ ಎಳೆದರು, ದೋಣಿಯಲ್ಲಿ ಐಸ್ ಇರಲಿಲ್ಲ. ಎಂಟಕ್ಕೆ ದಡ. ಹತ್ತಕ್ಕೆ ನೀವು 2 ಕಿಲೋ ಬಂಗುಡೆ ಕೊಂಡಿರಿ, ಪ್ಲಾಸ್ಟಿಕ್ ಚೀಲದಲ್ಲಿ ಹತ್ತೂ ಮುಕ್ಕಾಲಿಗೆ ಮನೆ ಸೇರಿತು. ಬೇರೆ ಕೆಲಸ ಮುಗಿಸಿ ಹನ್ನೆರಡಕ್ಕೆ ಕೊಯ್ಯಲು ಕೂತಿರಿ. ಹನ್ನೆರಡೂವರೆಗೆ ಉಪ್ಪು, ಮೆಣಸಿನಪುಡಿ, ಹುಳಿ ಕಲಸಿ ಮಸಾಲೆ ಹಿಡಿಯಲಿ ಎಂದು ಮುಚ್ಚಿಟ್ಟಿರಿ. ಎರಡು ಗಂಟೆಗೆ ಅರ್ಧ ಕಾಯಿಸಿ ಊಟ, ಉಳಿದರ್ಧ ಡಬ್ಬಿಯಲ್ಲಿ ಫ್ರಿಜ್ಜಿಗೆ, ರಾತ್ರಿಗೆ. ಐದೂವರೆಯಿಂದ ಎರಡರವರೆಗೆ ಎಂಟೂವರೆ ಗಂಟೆ ಮೀನು 30 ಡಿಗ್ರಿಯ ಆಸುಪಾಸಿನಲ್ಲೇ ಇತ್ತು. ಹನ್ನೊಂದೂವರೆಗೇ 6 ಗಂಟೆಯ ಗಡಿ ದಾಟಿತು, ಆಗ ಮೀನು ಅಡುಗೆಮನೆ ಕಟ್ಟೆಯ ಮೇಲೆ ಸುಮ್ಮನೆ ಕೂತಿತ್ತು. ಮಸಾಲೆಯ ಉಪ್ಪು, ಹುಳಿ ಬ್ಯಾಕ್ಟೀರಿಯಾವನ್ನು ತುಸು ನಿಧಾನ ಮಾಡುತ್ತವೆಯೇ ಹೊರತು ತಡೆಯುವುದಿಲ್ಲ. ರಾತ್ರಿಯ ಪಾಲಂತೂ ಡಬ್ಬಿಯಲ್ಲಿ ಒಂದರ ಮೇಲೊಂದು ಒತ್ತಿಕೊಂಡಿದ್ದು, ನಡುವಿನ ಮೀನು ತಣ್ಣಗಾಗಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಫ್ರಿಜ್ ಇರುವುದು ತಣ್ಣಗಿರುವುದನ್ನು ತಣ್ಣಗೇ ಇಡಲು. ಬೆಚ್ಚಗಿನ ಮೀನನ್ನು ಬೇಗ ತಣಿಸುವ ಶಕ್ತಿ ಅದರ ಗಾಳಿಗಿಲ್ಲ.

ಅದೇ ಮೀನು ಹತ್ತೂ ಮುಕ್ಕಾಲಿಗೆ ಐಸ್ ನೀರಿಗೆ ಬಿದ್ದಿದ್ದರೆ ಲೆಕ್ಕ ಐದೂ ಕಾಲು ಗಂಟೆಗೆ ನಿಂತುಬಿಡುತ್ತಿತ್ತು. ಮಾರುಕಟ್ಟೆಗೆ ಐಸ್ ಡಬ್ಬಿ ಒಯ್ದಿದ್ದರೆ ನಾಲ್ಕೂವರೆಗೆ.

ಐಸ್ ನೀರು ಎಂದರೇನು, ಎಷ್ಟು ಬೇಕು? 1 ಕಿಲೋ ಮೀನಿಗೆ 1 ಕಿಲೋ ಪುಡಿ ಐಸ್, ಮೀನು ಮುಳುಗುವಷ್ಟು ಅಂದರೆ ಸುಮಾರು 1 ಲೀಟರ್ ನೀರು, ಒಂದು ಹಿಡಿ ಕಲ್ಲುಪ್ಪು. ಲೆಕ್ಕ ಹೀಗಿದೆ: 1 ಕಿಲೋ ಐಸ್ ಕರಗುವಾಗ 80 ಕಿಲೋಕ್ಯಾಲರಿ ಶಾಖ ಹೀರುತ್ತದೆ. 1 ಕಿಲೋ ಮೀನನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಸುಮಾರು 25 ಕಿಲೋಕ್ಯಾಲರಿ ತೆಗೆಯಬೇಕು, ಅದಕ್ಕೆ 310 ಗ್ರಾಂ ಐಸ್ ಸಾಕು. ನಲ್ಲಿಯ 1 ಲೀಟರ್ ನೀರನ್ನು ತಣಿಸಲು ಇನ್ನೊಂದು 350 ಗ್ರಾಂ. ಉಳಿಯುವ ಮೂರನೇ ಒಂದು ಭಾಗ ಪಾತ್ರೆಯ ಗೋಡೆಯಿಂದ, ಗಾಳಿಯಿಂದ ಬರುವ ಬಿಸಿಯನ್ನು ತಡೆಯಲು. ಫ್ರಿಜ್ಜಿನ ತಣ್ಣೀರು ಬಳಸಿದರೆ ಐಸ್ ಇನ್ನಷ್ಟು ಉಳಿಯುತ್ತದೆ. ಮೂರು ಸೆಂಟಿಮೀಟರ್ ದಪ್ಪದ ಬಂಗುಡೆ ಈ ನೀರಿನಲ್ಲಿ ಅರ್ಧ ಗಂಟೆಯಲ್ಲಿ ಒಳಗಿನವರೆಗೆ 3 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ನೀರು ಯಾಕೆ ಬೇಕೆಂದರೆ, ಐಸ್ ತುಂಡು ಮೀನನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತದೆ, ನೀರು ಎಲ್ಲ ಕಡೆ ಮುಟ್ಟುತ್ತದೆ. ಅರ್ಧ ಗಂಟೆ ಕಳೆದು ನೋಡಿದಾಗ ಪಾತ್ರೆಯಲ್ಲಿ ಐಸ್ ತೇಲುತ್ತಿರಬೇಕು. ಎಲ್ಲ ಕರಗಿದ್ದರೆ ನಿಮ್ಮ ಐಸ್ ಸಾಲಲಿಲ್ಲ ಎಂದರ್ಥ. ಅಷ್ಟು ಹೊತ್ತಿನ ಮೇಲೆ ಮೀನನ್ನು ನೀರಿನಲ್ಲೇ ಬಿಡಬೇಡಿ, ರುಚಿ ತೊಳೆದು ಹೋಗುತ್ತದೆ.

ಮಾರುಕಟ್ಟೆಯಲ್ಲೇ ಕೊಯ್ಸಿ ತರುವುದು ಅನುಕೂಲವೇನೋ ಹೌದು. ಆದರೆ ಅಲ್ಲಿನ ಮಣೆ, ಕತ್ತಿಗಳ ಮೇಲೆ ಬೆಳಗಿನಿಂದ ಕೊಯ್ದ ಎಲ್ಲ ಮೀನುಗಳ ಕರುಳಿನ ಲೋಳೆ ಇರುತ್ತದೆ, ಅದು ಬೆಚ್ಚಗಿನ ಮಾಂಸಕ್ಕೆ ಮೆತ್ತಿಕೊಳ್ಳುತ್ತದೆ. ಮನೆಗೆ ತಂದು, ಮೊದಲು ತಣಿಸಿ, ಆಮೇಲೆ ಕೊಯ್ಯುವುದು ಒಳ್ಳೆಯದು. ಕಿವಿರನ್ನೂ ಕರುಳನ್ನೂ ಪೂರ್ತಿ ತೆಗೆಯಿರಿ, ಬೆನ್ನುಮೂಳೆಗೆ ಅಂಟಿದ ಕಪ್ಪು ರಕ್ತವನ್ನು ಬೆರಳುಗುರಿನಿಂದ ಕೆರೆದು ತಣ್ಣೀರಿನಲ್ಲಿ ತೊಳೆಯಿರಿ. ಅಂಗಡಿಯಲ್ಲೇ ಕೊಯ್ಸಲೇಬೇಕಿದ್ದರೆ ಮಣೆ ತೊಳೆಯಲು ಹೇಳಿ, ತುಂಡುಗಳನ್ನು ಅಲ್ಲಿಂದಲೇ ಐಸಿನ ಮೇಲೆ ಹಾಕಿಸಿಕೊಳ್ಳಿ.

ಫ್ರಿಜ್ಜಿನಲ್ಲಿ ಇಡುವಾಗ ಅಗಲ ಪಾತ್ರೆಯ ತಳಕ್ಕೆ ಐಸ್, ಅದರ ಮೇಲೆ ತೂತಿನ ತಟ್ಟೆ, ಮೇಲೆ ಮೀನು ಒಂದೇ ಪದರ, ಮುಚ್ಚಳ. ಕರಗಿದ ನೀರು ಮೀನಿಗೆ ತಾಗಬಾರದು. ಜಾಗ ಫ್ರೀಜರಿನ ಕೆಳಗಿನ ಕಪಾಟು. ಬಾಗಿಲ ಕಪಾಟು ಬೇಡವೇ ಬೇಡ, ಅದು ಪ್ರತಿ ಸಲ ತೆರೆದಾಗಲೂ ಬಿಸಿಯಾಗುತ್ತದೆ. ಫ್ರಿಜ್ಜಿನ ಬಿಸಿ ಅಳೆಯಲು ಸಣ್ಣ ಥರ್ಮಾಮೀಟರ್ ಇಟ್ಟುಕೊಳ್ಳಿ. 4 ಡಿಗ್ರಿ ಮೀರಬಾರದು. ಹೀಗಿಟ್ಟರೂ ಬಂಗುಡೆ, ಬೂತಾಯಿಯನ್ನು ಮರುದಿನದೊಳಗೆ ಅಡುಗೆ ಮಾಡಿ. ತಣ್ಣಗಿದ್ದರೂ ಹಿಸ್ಟಮಿನ್ ಮಾಡಬಲ್ಲ ಬ್ಯಾಕ್ಟೀರಿಯಾಗಳೂ ಕೆಲವು ಇವೆ. ಮಸಾಲೆ ಹಚ್ಚಿದ ಮೀನು ಅರ್ಧ ಗಂಟೆ ಮೀರಿ ನೆನೆಯಬೇಕಿದ್ದರೆ ಫ್ರಿಜ್ಜಿನೊಳಗೇ ನೆನೆಯಲಿ.

ಇನ್ನೂ ಮುಂದಕ್ಕೆ ಬೇಕೆಂದರೆ ಫ್ರೀಜರ್, ಅದೂ ತಂದ ದಿನವೇ. ಎರಡು ದಿನ ಫ್ರಿಜ್ಜಿನಲ್ಲಿಟ್ಟು, ಮಾಡಲಾಗಲಿಲ್ಲವೆಂದು ಫ್ರೀಜರಿಗೆ ಏರಿಸುವುದರಲ್ಲಿ ಅರ್ಥವಿಲ್ಲ. ಹುಟ್ಟಿದ ಹಿಸ್ಟಮಿನ್ ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ಒಂದು ಅಡುಗೆಗೆ ಬೇಕಾದಷ್ಟನ್ನೇ ಚಪ್ಪಟೆ ಪೊಟ್ಟಣ ಮಾಡಿ, ಗಾಳಿ ಒತ್ತಿ ತೆಗೆದು, ತಾರೀಕು ಬರೆದಿಡಿ. ಬಂಗುಡೆ ಎಣ್ಣೆ ಮೀನು, ಮೈನಸ್ 18ರಲ್ಲೂ ಎರಡು ಮೂರು ತಿಂಗಳಿಗೆ ಎಣ್ಣೆ ಕಮಟುತ್ತದೆ. ಕರಗಿಸುವುದು ಫ್ರಿಜ್ಜಿನೊಳಗೆ, ರಾತ್ರಿಯಿಡೀ. ಬೆಳಿಗ್ಗೆ ಕಟ್ಟೆಯ ಮೇಲಿಟ್ಟು ಮಧ್ಯಾಹ್ನ ಮಾಡುವ ಅಭ್ಯಾಸದಲ್ಲಿ ಮೀನಿನ ಹೊರಪದರ ಕೊಠಡಿಯ ಬಿಸಿಗೆ ಬಂದು ಕೂತಿರುತ್ತದೆ, ನಿದ್ದೆಯಲ್ಲಿದ್ದ ಕಿಣ್ವ ಏಳುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಮಾರುಕಟ್ಟೆಯ ಬಂಗುಡೆ ಒಂದೋ ನಾಡದೋಣಿಯದು, ಇಲ್ಲವೇ ಬೇರೆ ರಾಜ್ಯದಿಂದ ಲಾರಿಯಲ್ಲಿ ಬಂದದ್ದು, ಫ್ರೀಜರಿನಿಂದ ಇಳಿದದ್ದು. ಲಾರಿಯ ಮೀನಿನ ಪೆಟ್ಟಿಗೆ ತೆರೆಯುವಾಗ ನಿಂತು ನೋಡಲು ಸಿಕ್ಕಿದರೆ ನೋಡಿ. ಮೀನಿನ ನಡುವೆ ಇನ್ನೂ ಕರಗದ ಐಸ್ ಇದ್ದರೆ ದಾರಿಯಲ್ಲಿ ತಂಪು ಕಡಿದಿಲ್ಲ. ಬರೀ ಕೆಂಪು ನೀರು ಇದ್ದು, ಮೇಲಷ್ಟೇ ಹೊಸ ಐಸ್ ಚೆಲ್ಲಿದ್ದರೆ ಕೊಳ್ಳಬೇಡಿ.

ಸಭೆಯಿಂದ ಬಂದ ಕೆಲವು ಪ್ರಶ್ನೆಗಳಿಗೆ ಉತ್ತರಿಸುತ್ತೇವೆ.

ಮೀನು ಕೊಳೆಯದಂತೆ ಕೆಲವರು ಹಾಕುವ ವಿಷಕಾರಿ ರಾಸಾಯನಿಕ ಫಾರ್ಮಾಲಿನ್ ಬಗ್ಗೆ ಕೇಳಿದ್ದೀರಿ. 2018ರಲ್ಲಿ ಕೇರಳದ ಗಡಿ ತಪಾಸಣೆಯಲ್ಲಿ ಅಂಥ ಮೀನು ಸಿಕ್ಕಿದ್ದು ನಿಜ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದನ್ನು ಪತ್ತೆಹಚ್ಚುವ ಕಿಟ್ ಕೂಡ ತಯಾರಿಸಿದೆ. ನೊಣ ಕೂರದಿದ್ದರೆ ಫಾರ್ಮಾಲಿನ್ ಎನ್ನುವ ಮಾತು ಮಾತ್ರ ನಂಬಲು ಸಾಲದು, ಚೆನ್ನಾಗಿ ಐಸ್ ಹಾಕಿದ ಮೀನಿನ ಮೇಲೂ ನೊಣ ಕಡಿಮೆ. ಕಣ್ಣು ಗುಳಿ ಬಿದ್ದು ಕಿವಿರು ಬಿಳಚಿದ್ದರೂ ಮೈ ರಬ್ಬರಿನಂತೆ ಗಡುಸಾಗಿ, ಮೀನಿನ ವಾಸನೆಯೇ ಇಲ್ಲದಿದ್ದರೆ ಅನುಮಾನಿಸಿ.

ಬಂಗುಡೆ ತಿಂದು ಒಮ್ಮೆ ಮೈ ಕೆಂಪಾಯಿತು, ಇನ್ನು ಜೀವನಪೂರ್ತಿ ಮೀನು ಬಿಡಬೇಕೇ ಎಂಬುದು ಎರಡನೆಯದು. ಮೊದಲೂ ತಿಂದು ಏನೂ ಆಗಿರದಿದ್ದರೆ, ಅದೇ ಊಟ ಮಾಡಿದ ಇನ್ನೊಬ್ಬರಿಗೂ ಹಾಗೇ ಆಗಿದ್ದರೆ ಅದು ಅಲರ್ಜಿ ಆಗಿರದೆ ಹಿಸ್ಟಮಿನ್ ಆಗಿರುವ ಸಾಧ್ಯತೆ ಹೆಚ್ಚು. ತೀರ್ಮಾನ ವೈದ್ಯರದು. ಯಾವ ಮೀನು, ಎಷ್ಟು ಹೊತ್ತಿನ ಮೇಲೆ ಶುರುವಾಯಿತು, ಜೊತೆಗೆ ಯಾರು ಯಾರು ತಿಂದರು ಎಂದು ಅವರಿಗೆ ಹೇಳಿ. ಉಳಿದ ಮೀನನ್ನು ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಡಿ, ಪರೀಕ್ಷೆಗೆ ಬೇಕಾಗಬಹುದು. ಸಾಮಾನ್ಯವಾಗಿ ಹಿಸ್ಟಮಿನ್ ತೊಂದರೆ ಅಲರ್ಜಿಯ ಔಷಧಕ್ಕೆ ಬಗ್ಗಿ ಒಂದೆರಡು ದಿನದಲ್ಲಿ ಹೋಗುತ್ತದೆ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತಲೆಸುತ್ತಿ ಬಿದ್ದರೆ ಏನೆಂದು ಯೋಚಿಸುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಮೂರನೆಯ ಪ್ರಶ್ನೆ ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರ ಮನೆಯಿಂದ ಬಂದಿದೆ, ಅವರು ಬಂಗುಡೆ ತಿನ್ನಬಹುದೇ ಎಂದು. ನಮ್ಮ ಕರುಳಿನಲ್ಲಿ ಹಿಸ್ಟಮಿನ್ ಅನ್ನು ಒಡೆದುಹಾಕುವ ಕಿಣ್ವ ಇದೆ. ಕ್ಷಯದ ಔಷಧ ಐಸೋನಿಯಾಜಿಡ್ ಆ ಕೆಲಸಕ್ಕೆ ಅಡ್ಡಿ ಮಾಡುತ್ತದೆ, ಹಾಗಾಗಿ ಬೇರೆಯವರಿಗೆ ಏನೂ ಮಾಡದಷ್ಟು ಹಿಸ್ಟಮಿನ್ ಅವರಿಗೆ ಜೋರಾಗಿ ತಾಗಬಹುದು. ಮಾತ್ರೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಔಷಧ ಮುಗಿಯುವವರೆಗೆ ಬಂಗುಡೆ, ಬೂತಾಯಿ, ಕೇದರದ ಬದಲು ಕಾಣೆ, ಮಾಂಜಿ, ಸಿಗಡಿ ಮಾಡಿ ಬಡಿಸಿ. ಅವನ್ನೂ ಐಸಿನಲ್ಲೇ ತನ್ನಿ.